530 ರೂಪಾಯಿ ಕಟ್ಟಿದ್ದು ಯಾವುದಕ್ಕೆ?

2024ರ ಏಪ್ರಿಲ್ 22. ಯಾದಗಿರಿಯ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಎರಡು ಗಂಟೆಗೆ ಗುರುಮಠಕಲ್ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ರಸೀದಿ ತೆಗೆದರು. "ಸರ್, ರೊಕ್ಕ ತುಂಬಿ ಹತ್ತು ದಿನ ಆಯ್ತ್ರಿ. ರಿಸಲ್ಟ್ ಇನ್ನಾ ಬಂದಿಲ್ರಿ."

ರಸೀದಿ ಬಿಡಿಸುವ ಮೊದಲೇ ನನಗೆ ವಿಷಯ ಗೊತ್ತಾಯಿತು. ಮೊತ್ತ ನೋಡಿದೆ. 530. ಹುಡುಗ ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರದಲ್ಲಿ ಫೇಲಾಗಿದ್ದ. ಮರುಮೌಲ್ಯಮಾಪನಕ್ಕೆ ಹಾಕಿದ್ದೇವೆ ಅಂತ ಅಪ್ಪ, ಮಗ ಇಬ್ಬರೂ ನಂಬಿದ್ದರು. ಅವರು ಅದರ ಅರ್ಜಿಯನ್ನೇ ಹಾಕಿರಲಿಲ್ಲ. ಕೊನೆಯ ದಿನ ಮುಗಿದು ಎರಡು ದಿನವಾಗಿತ್ತು.

ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಮೌಲ್ಯಮಾಪನಕ್ಕೂ ವರ್ಷಗಟ್ಟಲೆ ಹೋಗಿದ್ದೇನೆ. ಫಲಿತಾಂಶ ಬಂದ ವಾರ ನಮ್ಮ ಮನೆ ಸಂತೆಯಾಗುತ್ತದೆ. ಎಷ್ಟು ಸಲ ಹೇಳಿದರೂ ಈ ಒಂದು ತಪ್ಪು ಮಾತ್ರ ಹೋಗುವುದಿಲ್ಲ. ಹಾಗಾಗಿ ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇನೆ.

ದ್ವಿತೀಯ ಪಿಯುಸಿಯಲ್ಲಿ ಎರಡು ಹೆಜ್ಜೆಗಳಿವೆ. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ, ಬೇರೆ ಬೇರೆ ಕೊನೆಯ ದಿನ. ಮೊದಲನೆಯದು ನಿಮ್ಮ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಕೇಳುವುದು. ಅದಕ್ಕೆ 2024ರಲ್ಲಿ ವಿಷಯಕ್ಕೆ 530 ರೂಪಾಯಿ ಇತ್ತು. ಈ ದುಡ್ಡಿಗೆ ನಿಮ್ಮ ಪತ್ರಿಕೆಯನ್ನು ಯಾರೂ ಮತ್ತೆ ಓದುವುದಿಲ್ಲ. ನೀವು ಓದಬಹುದು, ಅಷ್ಟೇ. ಎರಡನೆಯದು ಮರುಮೌಲ್ಯಮಾಪನ. ಅದಕ್ಕೆ ವಿಷಯಕ್ಕೆ 1,670 ರೂಪಾಯಿ. ಆಗ ಬೇರೊಬ್ಬ ಉಪನ್ಯಾಸಕರು ಪತ್ರಿಕೆಯನ್ನು ಮೊದಲಿಂದ ನೋಡುತ್ತಾರೆ. ಸ್ಕ್ಯಾನ್ ಪ್ರತಿ ಪಡೆಯದೆ ನೇರವಾಗಿ ಎರಡನೆಯದಕ್ಕೆ ಹಾರಲು ಬರುವುದಿಲ್ಲ. ಹಾಗಂತ ಮೊದಲನೆಯದು ಮಾಡಿದರೆ ಎರಡನೆಯದು ತಾನಾಗೇ ಆಗುವುದೂ ಇಲ್ಲ. ಇವೆರಡರ ಜೊತೆಗೆ ಮರುಎಣಿಕೆ ಅಂತ ಒಂದಿದೆ. ಕೊಟ್ಟ ಅಂಕಗಳನ್ನು ಮತ್ತೆ ಕೂಡುವುದು. ಅದಕ್ಕೆ ಶುಲ್ಕ ಇರಲಿಲ್ಲ, ಆದರೆ ಅರ್ಜಿ ಹಾಕಲೇಬೇಕು.

ದಿನಾಂಕ ನೋಡಿ. ಆ ವರ್ಷ ಪರೀಕ್ಷೆ-1ರ ಫಲಿತಾಂಶ ಬಂದದ್ದು ಏಪ್ರಿಲ್ 10ಕ್ಕೆ. ಸ್ಕ್ಯಾನ್ ಪ್ರತಿಗೆ ಅರ್ಜಿ ಅವತ್ತಿನಿಂದ 16ರವರೆಗೆ. ಡೌನ್‌ಲೋಡ್ ಮಾಡಿಕೊಳ್ಳಲು 14ರಿಂದ 19. ಮರುಎಣಿಕೆ, ಮರುಮೌಲ್ಯಮಾಪನಕ್ಕೆ 14ರಿಂದ 20. ಅಂದರೆ 16ಕ್ಕೆ ದುಡ್ಡು ಕಟ್ಟಿ, 19ಕ್ಕೆ ಪ್ರತಿ ಇಳಿಸಿಕೊಂಡವನಿಗೆ ಯೋಚಿಸಲು ಉಳಿಯುವುದು ಒಂದೇ ದಿನ. ಪ್ರತಿ ಮನೆಗೆ ಅಂಚೆಯಲ್ಲಿ ಬರುತ್ತದೆ ಅಂತ ಕಾಯುವವರೂ ಇದ್ದಾರೆ! ಬರುವುದಿಲ್ಲ. kseab.karnataka.gov.in ತೆರೆದು ನೀವೇ ಇಳಿಸಿಕೊಳ್ಳಬೇಕು. ಶುಲ್ಕ, ದಿನಾಂಕ ಎರಡನ್ನೂ ಮಂಡಳಿ ಪ್ರತಿ ಪರೀಕ್ಷೆಗೂ ಹೊಸದಾಗಿ ಪ್ರಕಟಿಸುತ್ತದೆ. ಹಾಗಾಗಿ ನಾನು ಕೊಟ್ಟ ಲೆಕ್ಕ 2024ರದ್ದು ಅಂತಲೇ ಇಟ್ಟುಕೊಳ್ಳಿ. ನಿಮ್ಮ ವರ್ಷದ ಸುತ್ತೋಲೆ ಓದಿ. ಎಸ್ಎಸ್ಎಲ್‌ಸಿಯ ಶುಲ್ಕವೇ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ.

ಆನ್‌ಲೈನ್ ಸೆಂಟರ್‌ನವರನ್ನೂ ಪೂರ್ತಿ ಬೈಯಲಾರೆ. ಹುಡುಗರು ಹೋಗಿ "ಅಣ್ಣ, ರಿವ್ಯಾಲ್ಯುಯೇಷನ್‌ಗೆ ಹಾಕು" ಅನ್ನುತ್ತಾರೆ. ಅವನು ಮೊದಲ ಹೆಜ್ಜೆ ಮುಗಿಸಿ ರಸೀದಿ ಕೊಡುತ್ತಾನೆ. "ನಾಲ್ಕು ದಿನ ಬಿಟ್ಟು ಮತ್ತ ಬಾ" ಅಂತ ಹೇಳಿರುತ್ತಾನೆ. ಹಿಂದೆ ಹತ್ತು ಜನ ನಿಂತಿರುವಾಗ ಆ ಮಾತು ಯಾರ ಕಿವಿಗೆ ಬೀಳುತ್ತದೆ?

ಹಾಗಾದರೆ ಪ್ರತಿ ಯಾಕೆ ಬೇಕು, ಒಂದೇ ಸಲ ಎಲ್ಲ ಹಾಕಬಾರದಾ ಅಂತ ಕೇಳುವವರಿಗೆ ಅದೇ ವರ್ಷದ ಇನ್ನೊಂದು ಕತೆ ಹೇಳುತ್ತೇನೆ. ಶಹಾಪುರದ ಹುಡುಗಿ, ವಾಣಿಜ್ಯ ವಿಭಾಗ. ಮೂರು ವಿಷಯಗಳಲ್ಲಿ ಅಂಕ ಕಡಿಮೆ ಬಂದಿದೆ ಅಂತ ಅಳು. ಮೂರಕ್ಕೂ ಎರಡೂ ಹೆಜ್ಜೆ ಹಾಕಿದರೆ 6,600 ರೂಪಾಯಿ. ಅವರಪ್ಪ ಸಾಲ ತರಲು ತಯಾರಾಗಿದ್ದರು. ನಾನು ಬೇಡ ಅಂದೆ. ಮೂರಕ್ಕೂ ಪ್ರತಿ ತರಿಸಿದೆವು, 1,590 ಆಯಿತು.

ಮೂರನ್ನೂ ಪ್ರಿಂಟ್ ತೆಗೆಸಿ ಜಗುಲಿಯ ಮೇಲೆ ಹರಡಿಕೊಂಡು ಕೂತೆವು. ಮೊದಲು ಓದುವುದಲ್ಲ, ಎಣಿಸುವುದು. ಒಳಪುಟಗಳಲ್ಲಿ ಪ್ರತಿ ಉತ್ತರದ ಪಕ್ಕ ಬಿದ್ದ ಅಂಕ, ಮುಖಪುಟದ ಪಟ್ಟಿಗೆ ಸರಿಯಾಗಿ ಬಂದಿದೆಯಾ ಅಂತ ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಬೇಕು. ವ್ಯತ್ಯಾಸ ಬರೀ ಕೂಡಿದ್ದರಲ್ಲಿ ಇದ್ದರೆ ಮರುಎಣಿಕೆ ಸಾಕು, 1,670 ಯಾಕೆ ಕಳೆಯಬೇಕು? ಅವಳದ್ದು ಮೂರರಲ್ಲೂ ಕೂಡಿದ್ದು ಸರಿಯಾಗಿತ್ತು. ಆಮೇಲೆ ಮಂಡಳಿಯ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು ಓದಿದೆವು. ಇಂಗ್ಲಿಷ್‌ನಲ್ಲಿ ಅವಳಿಗೆ ಸಿಕ್ಕಿದ್ದು ನ್ಯಾಯವಾಗಿಯೇ ಇತ್ತು. ಪ್ರಬಂಧಕ್ಕೆ ಇನ್ನೊಂದು ಅಂಕ ಕೊಡಬಹುದಿತ್ತೇನೋ, ಆದರೆ ಅಂಥ "ಏನೋ"ಗಳನ್ನು ನಂಬಿ ದುಡ್ಡು ಕಟ್ಟಬಾರದು. ವ್ಯವಹಾರ ಅಧ್ಯಯನದಲ್ಲೂ ಅದೇ ಕತೆ.

ಲೆಕ್ಕಶಾಸ್ತ್ರದಲ್ಲಿ ಸಿಕ್ಕಿತು. 12 ಅಂಕದ ಪ್ರಶ್ನೆ, ಹೊಸ ಪಾಲುದಾರನ ಸೇರ್ಪಡೆ. ಆಸ್ತಿ, ಹೊಣೆಗಳ ಬೆಲೆ ಮತ್ತೆ ಕಟ್ಟುವ ರಿವ್ಯಾಲ್ಯುಯೇಷನ್ ಅಕೌಂಟ್, ಬಂಡವಾಳ ಖಾತೆಗಳು ಒಂದು ಪುಟದಲ್ಲಿ. ಅಲ್ಲಿ ಅಂಕ ಬಿದ್ದಿತ್ತು. ಜಾಗ ಸಾಲದೆ ಬ್ಯಾಲೆನ್ಸ್ ಶೀಟನ್ನು ಮೂರು ಹಾಳೆ ಬಿಟ್ಟು ಬರೆದಿದ್ದಳು, ಪ್ರಶ್ನೆಯ ಸಂಖ್ಯೆ ಹಾಕಿರಲಿಲ್ಲ. ಆ ಪುಟದಲ್ಲಿ ಕೆಂಪು ಶಾಯಿಯ ಒಂದು ಗೀಟೂ ಇಲ್ಲ. ಎರಡೂ ಬದಿ ಟ್ಯಾಲಿ ಆಗಿತ್ತು! ಮೌಲ್ಯಮಾಪಕರ ಕಣ್ಣು ಹೇಗೆ ತಪ್ಪುತ್ತದೆ ಅಂತ ನನಗೆ ಗೊತ್ತು. ಮಧ್ಯಾಹ್ನದ ಸೆಕೆಯಲ್ಲಿ, ಕಟ್ಟು ಮುಗಿಸುವ ಹೊತ್ತಿಗೆ, ಸಂಖ್ಯೆ ಇಲ್ಲದ ಪುಟ ರಫ್ ಕೆಲಸದ ಹಾಗೆ ಕಾಣುತ್ತದೆ. ಸರಿ ಅಂತ ಹೇಳುತ್ತಿಲ್ಲ, ಆಗುತ್ತದೆ ಅಂತ ಹೇಳುತ್ತಿದ್ದೇನೆ.

"ಇದೊಂದಕ್ಕೆ ಹಾಕಮ್ಮ" ಅಂದೆ. 1,670 ಕಟ್ಟಿಸಿದೆ. ಮುಂಚೆ ಒಂದು ಮಾತನ್ನೂ ಹೇಳಿದೆ, ಪೂರ್ತಿ ಪತ್ರಿಕೆಯನ್ನು ಮತ್ತೆ ನೋಡುತ್ತಾರೆ, ಎಲ್ಲಾದರೂ ಧಾರಾಳವಾಗಿ ಸಿಕ್ಕ ಅಂಕ ಇಳಿಯಲೂಬಹುದು ಅಂತ. ಲೆಕ್ಕಶಾಸ್ತ್ರದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ರಿವ್ಯಾಲ್ಯುಯೇಷನ್ ಅಕೌಂಟ್‌ನಲ್ಲಿ ಬರೀ ಲಾಭ ಬರುತ್ತದಾ? ನಷ್ಟವೂ ಬರುತ್ತದೆ ಅಲ್ವಾ? ಅವಳು ನಕ್ಕಳು. ಕೊನೆಗೆ ನಾಲ್ಕು ಅಂಕ ಹೆಚ್ಚಿತು. ಬ್ಯಾಲೆನ್ಸ್ ಶೀಟ್‌ನದೇ ಇರಬೇಕು.

ಗುರುಮಠಕಲ್ ಹುಡುಗನಿಗೆ ಮತ್ತೊಂದು ಪೆಟ್ಟು ಬಿದ್ದಿತ್ತು. ಮರುಮೌಲ್ಯಮಾಪನ ಆಗುತ್ತದಲ್ಲ ಅಂತ ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಿರಲಿಲ್ಲ. ಆ ಪರೀಕ್ಷೆ ಏಪ್ರಿಲ್ 29ಕ್ಕೇ ಶುರು. ಎರಡನ್ನೂ ಒಟ್ಟಿಗೆ ಮಾಡಬಹುದು, ಮಾಡಬೇಕು ಕೂಡ. ಯಾವುದರಲ್ಲಿ ಅಂಕ ಜಾಸ್ತಿ ಬರುತ್ತದೋ ಅದು ನಿಮ್ಮದು. ಅವನಿಗೆ ಉಳಿದದ್ದು ಜೂನ್ ಕೊನೆಯ ಪರೀಕ್ಷೆ-3 ಮಾತ್ರ.

ಅಪ್ಪ ಕೊನೆಗೆ ಕೇಳಿದರು, "ಈ 530 ವಾಪಸ್ ಬರ್ತದೇನ್ರಿ?" ಇಲ್ಲ ಅಂದೆ. ರಸೀದಿಯನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಮಗನಿಗೆ ಏನೂ ಅನ್ನಲಿಲ್ಲ. ನೀರು ಕುಡಿದು, ಮೂರು ಗಂಟೆ ಬಸ್ಸಿಗೆ ಹೊರಟರು.