ಅಡಿಕೆಯ ಬಣ್ಣ ಅಳೆಯುವ ಮೊದಲು ಬೆಳಕನ್ನು ಕಟ್ಟಿಹಾಕಿ

ಬೇಯಿಸಿ ಕೆಂಪಡಿಕೆ ಮಾಡಲು ಹಸಿ ಕಾಯಿ ಬೇಕು. ಹಣ್ಣಾದದ್ದು ಬೇರೆಯಾಗಿ ಒಣಗಿ ಗೋಟಾಗುತ್ತದೆ. ಒಂದೇ ಗೊನೆಯಲ್ಲಿ ಎರಡೂ ಬರುವುದರಿಂದ ಸುಲಿಯುವ ಮೊದಲೇ ಆರಿಸಬೇಕು. ಬೆಲ್ಟಿನ ಮೇಲೆ ಕ್ಯಾಮೆರಾ ಕೂರಿಸಿ ಈ ಕೆಲಸ ಮಾಡಿಸುವವರು ನನ್ನನ್ನು ಕರೆಸುವುದು ಹೆಚ್ಚಾಗಿ ಒಂದೇ ದೂರಿಗೆ: "ಬೆಳಿಗ್ಗೆ ಸರಿಯಾಗಿಯೇ ಆರಿಸುತ್ತದೆ, ಸಂಜೆಯಾದರೆ ಹಸಿಯನ್ನೂ ಹಣ್ಣಿಗೆ ಹಾಕುತ್ತದೆ."

ತೀರ್ಥಹಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ಇದನ್ನು ಅಂಕಿಗಳಲ್ಲೇ ನೋಡಬಹುದಿತ್ತು. ಅಲ್ಲಿನ ತಂತ್ರಾಂಶ ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿ ಅಂಶಗಳಿಂದ ವರ್ಣದ ಅಂಕಿ ತೆಗೆಯುತ್ತದೆ. ಅದು ಬಳಸುವ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣಾ ಲೈಬ್ರರಿಯಲ್ಲಿ ಈ ಅಂಕಿ 0ಯಿಂದ 179ರವರೆಗೆ ಇರುತ್ತದೆ. ಅಪ್ಪಟ ಹಸಿರು 60, ಅಪ್ಪಟ ಹಳದಿ 30, ಕಿತ್ತಳೆ ಅದಕ್ಕಿಂತ ಕೆಳಗೆ. ಹಣ್ಣಿನ ಗಡಿಯನ್ನು ಅವರು ಹೀಗೆ ಇಟ್ಟಿದ್ದರು:

```
hannu = cv2.inRange(hsv, (8, 90, 110), (28, 255, 255))
```

ಬಣ್ಣ ತಿರುಗುತ್ತಿರುವ ಒಂದು ಕಾಯಿ ಬೆಳಿಗ್ಗೆ ಕೆಂಪು 150, ಹಸಿರು 150, ನೀಲಿ 60 ತೋರಿಸಿತು. ವರ್ಣ 30, ಗಡಿಯ 28ಕ್ಕಿಂತ ಮೇಲೆ, ಅಂದರೆ ಇನ್ನೂ ಹಣ್ಣಲ್ಲ. ಸಂಜೆ ಪಶ್ಚಿಮದ ಬಾಗಿಲಿನಿಂದ ಇಳಿಬಿಸಿಲು ಬೆಲ್ಟಿನ ಮೇಲೆ ಬಿದ್ದಾಗ ಅದೇ ಕಾಯಿಯ ಅಂಕಿಗಳು 172, 154, 51 ಆದವು. ವರ್ಣ 26ಕ್ಕೆ ಇಳಿದು ಗಡಿಯೊಳಗೆ ಬಂತು. ಕಡುಹಸಿರು ಕಾಯಿಗಳು ಇಂಥ ಬಿಸಿಲಿಗೂ ಜಗ್ಗುವುದಿಲ್ಲ. ಕೆಡುವುದು ಈ ನಡುವಿನವೇ. ಹೀಗಿರುವಾಗ 28ನ್ನು 24 ಮಾಡಿ ಸರಿಪಡಿಸಲು ಹೋದರೆ ಮರುದಿನ ಬೆಳಿಗ್ಗೆ ನಿಜವಾದ ಹಣ್ಣು ಹಸಿಯ ಕಡೆಗೆ ಹೋಗುತ್ತದೆ.

ಆದ್ದರಿಂದ ಕ್ಯಾಮೆರಾದ ಕೆಳಗಿನ ಬೆಲ್ಟನ್ನು ತಗಡಿನ ಪೆಟ್ಟಿಗೆಯಿಂದ ಮುಚ್ಚಿಸಿದೆವು. ಕಾಯಿ ಒಳಬರುವಲ್ಲಿ ಮತ್ತು ಹೊರಹೋಗುವಲ್ಲಿ ಕಪ್ಪು ರಬ್ಬರಿನ ಪಟ್ಟಿಗಳ ಪರದೆ ಹಾಕಿ, ಒಳಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿದೆವು. ಎಲ್‌ಇಡಿ ಪಟ್ಟಿಗಳ ಬೆಳಕು ನೇರವಾಗಿ ಕಾಯಿಯ ಮೇಲೆ ಬೀಳದೆ ಗೋಡೆಗೆ ಬಡಿದು ಹರಡಬೇಕು. ಮಳೆಯಲ್ಲಿ ಕೊಯ್ದ ಒದ್ದೆ ಕಾಯಿಯ ಮೇಲೆ ನೇರ ದೀಪದಿಂದ ಬಿಳಿ ಹೊಳಪಿನ ಚುಕ್ಕೆ ಏಳುತ್ತದೆ, ಆ ಜಾಗದಲ್ಲಿ ಬಣ್ಣವೇ ಸಿಗುವುದಿಲ್ಲ. ಅಗ್ಗದ ದೀಪವನ್ನು ಮನೆಯ ಕರೆಂಟಿಗೆ ನೇರ ಜೋಡಿಸಿದರೆ ಸೆಕೆಂಡಿಗೆ 100 ಸಲ ಮಿನುಗಿ ಚಿತ್ರದಲ್ಲಿ ಪಟ್ಟೆ ಮೂಡುತ್ತದೆ. ದೀಪಕ್ಕೆ ಏರಿಳಿತವಿಲ್ಲದ ಕರೆಂಟು ಒದಗಿಸುವ ಡಿಸಿ ಡ್ರೈವರಿಗೆ ಕೊಡುವ ಹಣ ದಂಡವಲ್ಲ.

ಕ್ಯಾಮೆರಾದ ಸ್ವಯಂಚಾಲಿತ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ನಿಲ್ಲಿಸಲೇಬೇಕು. ಇಲ್ಲದಿದ್ದರೆ ಬೆಲ್ಟಿನ ಮೇಲೆ ಹಣ್ಣು ಹೆಚ್ಚಾದಾಗ ಕ್ಯಾಮೆರಾ ಆ ಕೆಂಪನ್ನು ತಾನೇ ತಗ್ಗಿಸುತ್ತದೆ. ಚಿತ್ರದ ಒಂದು ಮೂಲೆಯಲ್ಲಿ ಬೂದು ಬಣ್ಣದ ಕಾರ್ಡು ಸದಾ ಕಾಣುವಂತೆ ಅಂಟಿಸಿ. ಅದರ ಮೂರೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಇರುವವರೆಗೆ ಬೆಳಕು ಸರಿಯಿದೆ. ಕೆಂಪು ಏರಿ ನೀಲಿ ಇಳಿದರೆ ಪರದೆ ಹರಿದಿದೆಯೇ ನೋಡಿ, ಗಡಿಯನ್ನು ಮುಟ್ಟಬೇಡಿ.

ಕೊಳೆರೋಗದ ಕಾಯಿಯ ವಿಷಯ ಬೇರೆ. ಕಂದು ಎಂದರೆ ಕತ್ತಲಾದ ಕಿತ್ತಳೆ, ವರ್ಣದ ಅಂಕಿ ಎರಡಕ್ಕೂ ಒಂದೇ. ಮೇಲಿನ ಸಾಲಿನ 110 ಹೊಳಪಿನ ಕೆಳಗಡಿ. ಕೊಳೆತದ್ದನ್ನು ಹಣ್ಣಿನಿಂದ ಬೇರೆ ಮಾಡುವುದು ಅದೇ. ದೀಪ ಹಳತಾಗಿ ಮಂಕಾದರೆ ಒಳ್ಳೆಯ ಹಣ್ಣೂ ಆ ಗಡಿಯಿಂದ ಕೆಳಗೆ ಬೀಳುತ್ತದೆ. ಕಾರ್ಡಿನ ಮೂರೂ ಅಂಕಿಗಳು ಒಟ್ಟಿಗೆ ಇಳಿಯುತ್ತಿದ್ದರೆ ದೀಪ ಬದಲಿಸುವ ಹೊತ್ತಾಗಿದೆ.