ಎರಡು ವಾರ ಕೂಡಿಹಾಕುವಾಗ ಕೇಳದ ಒಪ್ಪಿಗೆ, ಒಂದು ಚಮಚ ರಕ್ತಕ್ಕೆ ಯಾಕೆ?

ಓದುಗರ ಪ್ರಶ್ನೆ: 2020ರ ಮೇ ತಿಂಗಳಲ್ಲಿ ಮುಂಬಯಿಯಿಂದ ಊರಿಗೆ ಬಂದಾಗ ನನ್ನನ್ನು ಸರ್ಕಾರಿ ಹಾಸ್ಟೆಲ್‌ನಲ್ಲಿ ಎರಡು ವಾರ ಇಟ್ಟರು. ಒಪ್ಪಿಗೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಅಲ್ಲಿಗೇ ಬಂದ ಸಂಶೋಧಕರು 5 ಎಂಎಲ್ ರಕ್ತ ತೆಗೆಯಲು ನಾಲ್ಕು ಪುಟದ ಕಾಗದ ಓದಿಸಿ ಸಹಿ ಕೇಳಿದರು. ಮನುಷ್ಯನನ್ನೇ ಕೂಡಿಹಾಕಲು ಬೇಡದ ಒಪ್ಪಿಗೆ ಒಂದು ಚಮಚ ರಕ್ತಕ್ಕೆ ಯಾಕೆ ಬೇಕು?

ಉತ್ತರ: ಮೇಲ್ನೋಟಕ್ಕೆ ಇದು ತಲೆಕೆಳಗಾದ ನ್ಯಾಯವೇ. ಆದರೆ ಎರಡೂ ಕಡೆ ಒಂದು ಪ್ರಶ್ನೆ ಹಾಕಿ ನೋಡಿ: ನೀವು ‘ಆಗುವುದಿಲ್ಲ’ ಎಂದರೆ ಕಷ್ಟ ಯಾರಿಗೆ?

ರಕ್ತ ಕೊಡದಿದ್ದರೆ ಸಂಶೋಧಕರಿಗೆ ಒಂದು ಮಾದರಿ ಕಡಿಮೆಯಾಗುತ್ತದೆ, ಅಷ್ಟೇ. ಅವರು ಪಕ್ಕದ ಕೋಣೆಯವರನ್ನು ಕೇಳುತ್ತಾರೆ. ಆ ರಕ್ತದಿಂದ ಹೊರಡುವ ತಿಳಿವಳಿಕೆ ಮುಂದೆಂದೋ ಯಾರಿಗೋ ಉಪಕಾರವಾಗಬಹುದು. ಸೂಜಿ ಚುಚ್ಚಿಸಿಕೊಳ್ಳುವವರು ಮಾತ್ರ ನೀವು. ಬೇರೆಯವರ ಪ್ರಯೋಜನಕ್ಕೆ ನಿಮ್ಮ ದೇಹ ಬಳಸುವಾಗ ಕೊನೆಯ ಮಾತು ನಿಮ್ಮದೇ ಆಗಿರಬೇಕು. ಕ್ವಾರಂಟೈನ್ ಹಾಗಲ್ಲ. ಅಲ್ಲಿ ನೀವು ಒಲ್ಲೆ ಎಂದು ಹೊರಟರೆ ಅದರ ಫಲ ಉಣ್ಣುವವರು ಬಸ್ಸಿನಲ್ಲಿ ಪಕ್ಕ ಕುಳಿತವರು, ಮನೆಯಲ್ಲಿರುವ ಅಜ್ಜಿ. ಅವರ ಒಪ್ಪಿಗೆಯನ್ನು ನೀವೂ ಕೇಳಿರುವುದಿಲ್ಲ. ಆದ್ದರಿಂದ ಕ್ವಾರಂಟೈನ್ ಒಪ್ಪಿಗೆಯ ಮೇಲೆ ನಿಲ್ಲುವುದಿಲ್ಲ, ಕಾನೂನಿನ ಮೇಲೆ ನಿಲ್ಲುತ್ತದೆ. ಒಪ್ಪಿಗೆ ಬಿಟ್ಟುಹೋದ ಜಾಗದಲ್ಲಿ ಬೇರೆ ಷರತ್ತುಗಳು ಬಂದು ಕೂರಬೇಕು. ನಿಮ್ಮ ಸಿಟ್ಟಿಗೆ ನಿಜವಾದ ಕಾರಣ ಅಲ್ಲಿರಬಹುದು ಎಂದು ನನ್ನ ಅನುಮಾನ.

ಮೊದಲು ಆ ನಾಲ್ಕು ಪುಟದ ಕಾಗದದ ವಿಚಾರ. ಅದನ್ನು ಬರಿಯ ಸಹಿಯ ಶಾಸ್ತ್ರವೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿದರು. ‘ಪಾತ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರ ಸೇರಿ ನಡೆಸಿದ ಅಧ್ಯಯನ ಅದು. ಹುಡುಗಿಯರಲ್ಲಿ ಬಹಳಷ್ಟು ಮಂದಿ ಬುಡಕಟ್ಟು ಕುಟುಂಬದವರು, ಹಾಸ್ಟೆಲ್‌ನಲ್ಲಿದ್ದು ಓದುವವರು. ತಂದೆತಾಯಿ ದೂರದ ಊರಲ್ಲಿ. ಆಮೇಲೆ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು ಅಥವಾ ಮುಖ್ಯೋಪಾಧ್ಯಾಯರು. 1,948ರಲ್ಲಿ ಹೆಬ್ಬೆಟ್ಟು ಇತ್ತು.

ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಾಗಿರುವಂತೆ ಕಾಣುವುದಿಲ್ಲ ಎಂದು ವಿಚಾರಣೆ ನಡೆಸಿದವರು ಹೇಳಿದರು. ಲಸಿಕೆಯೂ ಒಳ್ಳೆಯದೇ, ಇಂದು ಅನೇಕ ದೇಶಗಳು ಅದನ್ನು ಕೊಡುತ್ತಿವೆ. ಆದರೂ 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಈ ಅಧ್ಯಯನವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ವಾರ್ಡನ್ ಹುಡುಗಿಗೆ ಊಟ ಹಾಕಬಹುದು, ಜ್ವರ ಬಂದರೆ ಆಸ್ಪತ್ರೆಗೆ ಒಯ್ಯಬಹುದು. ಸಂಶೋಧನೆಗೆ ಅವಳನ್ನು ಒಪ್ಪಿಸಿಕೊಡುವ ಹಕ್ಕು ಅವರಿಗೆ ತಾನಾಗಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತುವುದು ತಪ್ಪಲ್ಲ. ಓದಲು ಬಾರದವರಿಗೆ ಕಾಗದವನ್ನು ಓದಿ ಹೇಳಿದ್ದನ್ನು ಕಣ್ಣಾರೆ ಕಂಡ, ಸಂಶೋಧಕರ ಕಡೆಗೆ ಸೇರದ ಸಾಕ್ಷಿಯೊಬ್ಬರ ಸಹಿ ಜೊತೆಗಿರಬೇಕು ಎಂದು ನಿಯಮ. ಒಪ್ಪಿಗೆ ಪತ್ರಗಳ ಕಟ್ಟು ತೆರೆದಾಗ ನಾನಾದರೆ ಮೊದಲು ಹುಡುಕುವುದು ಆ ಸಾಕ್ಷಿಯ ಸಹಿಯನ್ನು, ಆಮೇಲೆ ಒಂದೇ ಕೈಬರಹ ಎಷ್ಟು ಪತ್ರಗಳಲ್ಲಿದೆ ಎಂಬುದನ್ನು.

ಈಗ ಕ್ವಾರಂಟೈನ್‌ಗೆ ಬರೋಣ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಿಂದ ನಿವೃತ್ತರಾದವರು. ಅವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವೂ ಮೂಲಭೂತ ಹಕ್ಕು ಎಂದಿತು. ಅದನ್ನು ಸರ್ಕಾರ ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರ ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮೊಟಕಾಗಬೇಕು. ಸಾಂಕ್ರಾಮಿಕದ ಕಾಲಕ್ಕೂ ಈ ಅಳತೆಗೋಲು ಸಾಕು.

ಕ್ವಾರಂಟೈನ್ ಬೇಕೋ ಬೇಡವೋ ಎಂಬುದನ್ನು ಕಾಯಿಲೆ ಹರಡುವ ಬಗೆಯೇ ಹೇಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕೊಲ್ಲುವ ಕಾಯಿಲೆಯೇ. ಆದರೆ ಅದು ಉಣ್ಣೆ ಕಚ್ಚಿ ಬರುವಂಥದ್ದು, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅದರ ರೋಗಿಯ ಮನೆಯವರನ್ನು ಕೂಡಿಹಾಕಿದರೆ ಉಣ್ಣೆಗಳು ಕಾಡಿನಲ್ಲಿ ಹಾಯಾಗಿರುತ್ತವೆ, ಅಷ್ಟೇ. ಎಷ್ಟು ಭಯಂಕರ ಕಾಯಿಲೆಯಾದರೂ ಅಲ್ಲಿ ಕ್ವಾರಂಟೈನ್ ಅನ್ಯಾಯ. ಕೋವಿಡ್‌ನಲ್ಲಿ ಜ್ವರ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕು ದಾಟಬಲ್ಲದು. ತಗಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ತಡವಾದರೆ ಹೆಚ್ಚಿನವರಲ್ಲಿ ಹದಿನಾಲ್ಕರೊಳಗೆ. ಗಟ್ಟಿಮುಟ್ಟಾಗಿ ಕಾಣುತ್ತಿದ್ದ ನಿಮ್ಮನ್ನೂ ಎರಡು ವಾರ ಬೇರೆ ಇಡಲು ಆಗ ಕಾರಣವಿತ್ತು.

ಎಷ್ಟು ಬೇಕೋ ಅಷ್ಟೇ ಎಂಬಲ್ಲಿ ನಮ್ಮ ರಾಜ್ಯ ಎಡವಿತು. ಪ್ರತ್ಯೇಕ ಕೋಣೆ ಇದ್ದವರು ಮನೆಯಲ್ಲೇ ಇರಲಿ ಎಂದದ್ದು ಸರಿ. ಮನೆಯಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದದ್ದು, ನನ್ನ ಲೆಕ್ಕದಲ್ಲಿ, ಅತಿಯಾಯಿತು. ಅದಕ್ಕಿಂತ ಕೆಟ್ಟದ್ದು 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿದ್ದು. ವಿಳಾಸ ಬೇಕಾದದ್ದು ಆ ಬೀದಿಯ ಆಶಾ ಕಾರ್ಯಕರ್ತೆಗೆ, ಠಾಣೆಗೆ. ಇಡೀ ಊರಿಗೆ ಸಾರಿದರೆ ವೈರಾಣು ನಿಲ್ಲುವುದಿಲ್ಲ. ಮುಂದೆ ಜ್ವರ ಬಂದವರು ಬಾಯಿಬಿಡುವುದಿಲ್ಲ.

ಇನ್ನೊಂದು ಷರತ್ತನ್ನು ಎಲ್ಲರೂ ಮರೆಯುತ್ತಾರೆ. ಊರಿನ ಕ್ಷೇಮಕ್ಕಾಗಿ ನಿಮ್ಮನ್ನು ತಡೆದು ನಿಲ್ಲಿಸಿದರೆ, ನಿಮ್ಮ ನಷ್ಟದಲ್ಲಿ ಊರಿಗೂ ಪಾಲಿದೆ. ಊಟ, ಚೊಕ್ಕ ಶೌಚಾಲಯ, ಬಿಪಿ ಮಾತ್ರೆ, ಹೋದ ಕೂಲಿಗೆ ಏನಾದರೊಂದು ಪರಿಹಾರ, ಎಂದು ಬಿಡುತ್ತಾರೆ ಎಂಬ ಲಿಖಿತ ಮಾಹಿತಿ, ದೂರು ಹೇಳಲು ಒಬ್ಬ ಅಧಿಕಾರಿ: ಇವು ದಯೆಯಲ್ಲ, ಬಾಕಿ. ಇದರ ಇನ್ನೊಂದು ಮುಖವನ್ನೂ ನೋಡಿ. ಒಂದು ಕೋಣೆಯಲ್ಲಿ ಹತ್ತು ಜನರನ್ನು ಮಲಗಿಸಿ ಒಂದೇ ಶೌಚಾಲಯ ಕೊಟ್ಟರೆ, ಸೋಂಕಿಲ್ಲದವನಿಗೂ ಅಲ್ಲೇ ತಗಲುತ್ತದೆ. ಆಗ ಆ ಹಾಸ್ಟೆಲ್ ಊರನ್ನೂ ಕಾಯುತ್ತಿಲ್ಲ.

ಕೊನೆಗೆ ನಿಮ್ಮ ಒಂದು ಚಮಚ ರಕ್ತ. ನಿಮಗೆ ಸೋಂಕಿದೆಯೇ ಎಂದು ನೋಡಲು ಗಂಟಲ ದ್ರವ ತೆಗೆದರೆ ಅದು ರೋಗ ನಿಯಂತ್ರಣದ ಕೆಲಸ. ಅದಕ್ಕೆ ಸಂಶೋಧನೆಯ ಒಪ್ಪಿಗೆ ಪತ್ರ ಬೇಡ. ರಕ್ತ ತೆಗೆದದ್ದು ಅಧ್ಯಯನಕ್ಕೆ, ಅದಕ್ಕೇ ಆ ಕಾಗದ. ನನಗೆ ಇಲ್ಲಿ ಕಸಿವಿಸಿ ತರುವುದು ಬೇರೆಯದು. ಬಾಗಿಲಿಗೆ ಕಾವಲು ಇರುವ ಕಡೆ, ಬಿಳಿ ಕೋಟಿನವರು ಬಂದು ‘ನಿಮ್ಮ ಇಷ್ಟ’ ಎಂದರೆ, ಒಲ್ಲೆ ಎನ್ನಲು ಎಷ್ಟು ಜನರಿಗೆ ಧೈರ್ಯವಿರುತ್ತದೆ? ಸಹಿ ಹಾಕಿದರೆ ಬೇಗ ಬಿಡುತ್ತಾರೇನೋ ಎಂಬ ಆಸೆಯೂ ಇರುತ್ತದೆ. ಇದನ್ನರಿತ ಸಂಶೋಧಕರು ಬಿಡುಗಡೆಗೂ ಅಧ್ಯಯನಕ್ಕೂ ಸಂಬಂಧವಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯುತ್ತಾರೆ. ಆ ಮಾತನ್ನು ಹೇಳುವಾಗ ಕ್ವಾರಂಟೈನ್ ಅಧಿಕಾರಿಯನ್ನು ಹತ್ತಿರ ನಿಲ್ಲಿಸಿಕೊಳ್ಳುವುದಿಲ್ಲ.

ನೀವು ಸಹಿ ಹಾಕಿದಿರೋ ಇಲ್ಲವೋ ಬರೆದಿಲ್ಲ. ಹಾಕಿದ್ದರೆ ಆ ಕಾಗದದ ಒಂದು ಪ್ರತಿ ನಿಮ್ಮ ಬಳಿ ಇರಬೇಕು. ಅದರಲ್ಲಿ ಸಂಶೋಧಕರ ಜೊತೆಗೆ, ಅಧ್ಯಯನಕ್ಕೆ ಅನುಮತಿ ಕೊಟ್ಟ ನೈತಿಕ ಸಮಿತಿಯ ದೂರವಾಣಿ ಸಂಖ್ಯೆಯೂ ಇರಬೇಕು. ಉಳಿದ ರಕ್ತವನ್ನು ಇಟ್ಟುಕೊಂಡಿದ್ದಾರೆಯೇ, ಬೇರೆ ಅಧ್ಯಯನಕ್ಕೆ ಬಳಸುತ್ತಾರೆಯೇ ಎಂದು ಆ ಸಂಖ್ಯೆಗೆ ಕರೆ ಮಾಡಿ ಕೇಳಿ. ಬಳಸುವುದು ಬೇಡ ಎನಿಸಿದರೆ ಈಗಲೂ ಹಾಗೆಂದು ಬರೆದು ಕೊಡಬಹುದು.