ಅಟಾಮಿಕ್ ಸೇವ್ ಅಂದರೇನು? ಹೊಸ ಪ್ಯಾಚ್‌ನಲ್ಲಿ ಬದಲಾಗಿದ್ದು

ಬೀದರಿನ ಸುರಂಗ ಬಾವಿಗಳ ಮೇಲೆ ನಾನೊಬ್ಬನೇ ಕೂತು ಮಾಡಿರುವ ಆಟವನ್ನು ಆಡುತ್ತಿರುವವರಿಗೆ ಈ ಬರಹ. ಈ ವಾರದ ಪ್ಯಾಚ್ ಹಾಕಿಕೊಂಡರೆ ಆಟದಲ್ಲಿ ಹೊಸದೇನೂ ಕಾಣುವುದಿಲ್ಲ. ಬದಲಾಗಿರುವುದು ಆಟ ಸೇವ್ ಆಗುವ ರೀತಿ. ಅದಕ್ಕೆ ಅಟಾಮಿಕ್ ಸೇವ್ ಅನ್ನುತ್ತಾರೆ. ಸೇವ್ ಆದರೆ ಪೂರ್ತಿ ಆಗಬೇಕು, ಇಲ್ಲವೇ ಹಳೆಯದು ಹಾಗೇ ಉಳಿಯಬೇಕು. ನಡುವೆ ಅರ್ಧಂಬರ್ಧ ಅನ್ನುವ ಸ್ಥಿತಿಯೇ ಇರಬಾರದು.

ಆಳಂದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಸೇವ್ ಆಗ್ಯಾದ ಅಂತ ತೋರಸ್ತು. ಆಮ್ಯಾಲ ಕರೆಂಟ್ ಹೋಯ್ತು. ಬಂದ ಮ್ಯಾಲ ನೋಡಿದ್ರ ಎಲ್ಲಾ ಮೊದಲಿಂದ ಸುರು ಆಗ್ಯಾದ." ಅವನದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್. ಬೇಸಿಗೆಯಲ್ಲಿ ಕಲಬುರಗಿ ಸೀಮೆಯಲ್ಲಿ ಕರೆಂಟ್ ಹೋಗುವುದು ದಿನದ ಮಾತು, ಅಲ್ವಾ? ಪರದೆ ಸೇವ್ ಆಯಿತು ಎಂದ ಮೇಲೂ ಆಟ ಹೋಗಿದ್ದು ಹೇಗೆ ಅನ್ನುವುದೇ ಇಲ್ಲಿನ ಮುಖ್ಯ ವಿಷಯ.

ಹಳೆಯ ಆವೃತ್ತಿ `save.dat` ಫೈಲನ್ನು ನೇರವಾಗಿ ತೆರೆದು ಅದರ ಮೇಲೇ ಬರೆಯುತ್ತಿತ್ತು. ಬರೆಯಲು ಹೀಗೆ ತೆರೆದ ಕೂಡಲೇ ಹಳೆಯ ವಿವರವೆಲ್ಲ ಅಳಿದು ಫೈಲ್ ಖಾಲಿಯಾಗುತ್ತದೆ. ಹೊಸ ವಿವರ ಆಮೇಲೆ ಬರುತ್ತದೆ. ಆದರೆ ಅದು ತಕ್ಷಣ ಡಿಸ್ಕಿಗೆ ಇಳಿಯುವುದಿಲ್ಲ. ಕೆಲಸ ಬೇಗ ಸಾಗಲಿ ಅಂತ ಆಪರೇಟಿಂಗ್ ಸಿಸ್ಟಂ ಅದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕಿಗೆ ಇಳಿಸಲು ಕೆಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷವೂ ಹಿಡಿಯಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ಹುಡುಗನ ಫೈಲ್ 0 ಬೈಟ್ ಆಗಿತ್ತು. ಕೆಲವು ಕಂಪ್ಯೂಟರ್‌ಗಳಲ್ಲಿ ಫೈಲಿನ ಸೈಜ್ ಸರಿಯಾಗಿಯೇ ಕಾಣುತ್ತದೆ, ಒಳಗೆ ನೋಡಿದರೆ ಬರೀ ಸೊನ್ನೆಗಳು.

ಈಗ ಸೇವ್ ಹೀಗೆ ನಡೆಯುತ್ತದೆ:

```python
with open("save.tmp", "wb") as f:
    f.write(data)
    f.flush()
    os.fsync(f.fileno())
os.replace("save.tmp", "save.dat")
```

ಅಂಗಡಿಯವರು ಹಳೆಯ ಖಾತೆ ಪುಸ್ತಕದ ಲೆಕ್ಕವನ್ನೆಲ್ಲ ಹೊಸದಕ್ಕೆ ಇಳಿಸಿ, ತಾಳೆ ನೋಡಿದ ಮೇಲೇ ಹಳೆಯದನ್ನು ಎತ್ತಿಡುತ್ತಾರಲ್ಲ, ಇದೂ ಹಾಗೇ. ಆಟ ಮೊದಲು `save.tmp` ಎಂಬ ಬೇರೆ ಫೈಲಿನಲ್ಲಿ ಎಲ್ಲವನ್ನೂ ಬರೆಯುತ್ತದೆ. `fsync` ಸಾಲು "ಇದನ್ನು ಡಿಸ್ಕಿಗೆ ಇಳಿಸು, ಇಳಿಯುವ ತನಕ ನಾನು ಕಾಯುತ್ತೇನೆ" ಎಂದು ಸಿಸ್ಟಂಗೆ ಹೇಳುತ್ತದೆ. ಕೊನೆಯ ಸಾಲಿನಲ್ಲಿ ಹೊಸ ಫೈಲಿಗೆ ಹಳೆಯದರ ಹೆಸರು ಸಿಗುತ್ತದೆ. ಸೇವ್ ಆಯಿತು ಎಂಬ ಗುರುತು ಪರದೆಯ ಮೇಲೆ ಬರುವುದು ಇದಾದ ನಂತರ. ನಿಧಾನದ ಹಾರ್ಡ್ ಡಿಸ್ಕ್ ಇದ್ದವರಿಗೆ ಆ ಗುರುತು ಒಂದು ಕ್ಷಣ ತಡವಾಗಿ ಕಾಣಬಹುದು.

ಬರೆಯುವಾಗ ಕರೆಂಟ್ ಹೋದರೆ ಕೆಡುವುದು `save.tmp` ಮಾತ್ರ. `save.dat` ಮುಟ್ಟದೇ ಉಳಿದಿರುತ್ತದೆ, ಆಟ ಹಿಂದಿನ ಬಾವಿಯಿಂದ ಮುಂದುವರಿಯುತ್ತದೆ. ಡಿಸ್ಕ್ ತುಂಬಿ ಬರೆಯಲು ಆಗದೇ ಹೋದರೂ ಅಷ್ಟೇ. ಆದರೆ ಎರಡೂ ಫೈಲ್ ಒಂದೇ ಫೋಲ್ಡರಿನಲ್ಲಿ ಇರಬೇಕು. ಒಂದು ಸಿ ಡ್ರೈವ್, ಇನ್ನೊಂದು ಡಿ ಡ್ರೈವ್ ಅಂತಾದರೆ ಹೆಸರು ಬದಲಿಸಿದರೆ ಸಾಲದು, ಇಡೀ ಫೈಲನ್ನೇ ನಕಲು ಮಾಡಬೇಕಾಗುತ್ತದೆ. ಆಗ ಅರ್ಧಕ್ಕೆ ನಿಲ್ಲುವ ಅಪಾಯ ಮತ್ತೆ ಬರುತ್ತದೆ.

ಇನ್ನೊಂದು ಬದಲಾವಣೆ ನನಗೆ ಇಷ್ಟೇ ಮುಖ್ಯ. ಮೊದಲು ಆಟಕ್ಕೆ ಸೇವ್ ಫೈಲ್ ಓದಲು ಆಗದಿದ್ದರೆ ಅದು ಏನೂ ಹೇಳದೇ ಹೊಸ ಆಟ ಶುರು ಮಾಡುತ್ತಿತ್ತು. ಮುಂದಿನ ಆಟೋ ಸೇವ್ ಆ ಕೆಟ್ಟ ಫೈಲಿನ ಮೇಲೇ ಬರೆದುಬಿಡುತ್ತಿತ್ತು. ಅರ್ಧ ಉಳಿದಿದ್ದ ಫೈಲಿನಿಂದ ಏನಾದರೂ ತೆಗೆಯಬಹುದಿತ್ತು, ಅದೂ ಹೋಗುತ್ತಿತ್ತು. ಈಗ ಪ್ರತಿ ಸೇವ್ ಜೊತೆ ಒಂದು ಚೆಕ್‌ಸಮ್ ಇರುತ್ತದೆ. ಅದು ಫೈಲಿನ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ. ಆಟ ತೆರೆದಾಗ ಆ ಸಂಖ್ಯೆ ತಾಳೆಯಾದರೆ ಮಾತ್ರ ಫೈಲಿನ ಒಂದು ನಕಲು `save.bak` ಹೆಸರಿನಲ್ಲಿ ಉಳಿಯುತ್ತದೆ. ಆಗದಿದ್ದರೆ ಆಟ ನಿಂತು, ಬ್ಯಾಕಪ್‌ನಿಂದ ಮುಂದುವರಿಸಲೇ ಎಂದು ನಿಮ್ಮನ್ನೇ ಕೇಳುತ್ತದೆ. ಕೆಟ್ಟ ಫೈಲನ್ನು `save.bad` ಎಂದು ಬೇರೆ ಇಡುತ್ತದೆ, ಅಳಿಸುವುದಿಲ್ಲ.

ಇದಕ್ಕೂ ಮಿತಿ ಇದೆ. ಕೆಲವು ಅಗ್ಗದ ಡಿಸ್ಕ್‌ಗಳು ನಿಜವಾಗಿ ಬರೆಯುವ ಮೊದಲೇ ಬರೆದಾಯಿತು ಎಂದು ಉತ್ತರ ಕೊಡುತ್ತವೆ. ಅಲ್ಲಿ `fsync` ಕೂಡ ಮೋಸ ಹೋಗುತ್ತದೆ. `save.bak` ಇಟ್ಟಿರುವುದು ಅದಕ್ಕೂ ಸೇರಿಸಿಯೇ.

ಈಗಾಗಲೇ ಆಟ ಕಳೆದುಕೊಂಡವರು ದಯವಿಟ್ಟು ಹಳೆಯ ಆವೃತ್ತಿಯನ್ನು ಮತ್ತೆ ತೆರೆಯಬೇಡಿ. ಮೊದಲು ಸೇವ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು `save.dat` ಸೈಜ್ ನೋಡಿ. 0 ಬೈಟ್ ಇದ್ದರೆ, ಅಥವಾ ಒಳಗೆ ಬರೀ ಸೊನ್ನೆಗಳಿದ್ದರೆ, ಆ ಫೈಲಿನಿಂದ ಏನೂ ವಾಪಸ್ ಬರುವುದಿಲ್ಲ. ಈ ಪ್ಯಾಚ್ ಕೂಡ ಅದನ್ನು ತರಲಾರದು. ಅರ್ಧವಾದರೂ ವಿವರ ಉಳಿದಿದ್ದರೆ ಆ ಕಾಪಿಯನ್ನು ನನಗೆ ಕಳಿಸಿ. ನೀವು ದಾಟಿದ ಬಾವಿಗಳ ಪಟ್ಟಿ ಫೈಲಿನ ಮೊದಲ ಭಾಗದಲ್ಲೇ ಇರುತ್ತದೆ. ಅಷ್ಟು ಸಿಕ್ಕರೆ ಅಲ್ಲಿಂದ ಆಡಲು ಬರುವಂತೆ ಹೊಸ ಸೇವ್ ಮಾಡಿ ಕೊಡುತ್ತೇನೆ.